ಸಾಹೇಬರ ಮಾತು, ಅಕ್ಕನ ಕೈ

ಸುಗ್ಗಿಯಲ್ಲಿ ಎಣ್ಣೆ ಗಿರಣಿ ಬಿಡುವಿಲ್ಲದೆ ಓಡುತ್ತಿತ್ತು. ಮೂರನೇ ಗಾಣ ಮಾತ್ರ ಗೊರಗುಟ್ಟುತ್ತಿತ್ತು. ಅದರ ಮರ್ಮ ಬಲ್ಲ ಮೇಸ್ತ್ರಿ ಮುನಿಸಿಕೊಂಡು ಮನೆ ಸೇರಿದ್ದ. ಅವನನ್ನು ಕರೆಸುವ ಪತ್ರ ಬರೆಯಲು ಗಿರಣಿಯ ಸಾಹೇಬರಿಗೆ ಪುರುಸೊತ್ತಿರಲಿಲ್ಲ.

ಅವರ ಹೆಸರಲ್ಲಿ ಕಾರ್ಯದರ್ಶಿ ಅಕ್ಕ ‘ನಿಮ್ಮ ಅಮೂಲ್ಯ ಸೇವೆ’ ಎಂದು ಬರೆದು, ತಾನೇ ಹೊಡೆದುಹಾಕಿದಳು. ಹನ್ನೆರಡು ವರ್ಷದಲ್ಲಿ ಸಾಹೇಬರು ಯಾರನ್ನೂ ಹೊಗಳಿದವರಲ್ಲ. ತಾವು ನಂಬಿದವರಿಗೆ ಕೆಲಸ ಹೇಳುತ್ತಿದ್ದರು, ಅಷ್ಟೆ. ಮತ್ತೆ ಬರೆದಳು: ‘ಮೂರನೇ ಗಾಣ ಗೊರಗೊರ ಅಂತಿದೆ. ಇಲ್ಲಿ ಯಾರ ಕಿವಿಗೂ ತಿಳೀತಿಲ್ಲ. ಸೋಮವಾರ ಬಂದು ಕೇಳು.’

ಸಾಹೇಬರು ಓದಿ, ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು.

ಸೋಮವಾರ ಮೇಸ್ತ್ರಿ ಪತ್ರ ಹಿಡಿದೇ ಬಂದ. “ನೋಡಕ್ಕಾ, ಸಾಹೇಬ್ರೇ ಬರ್ದಿರೋದು! ನೀನಾಗಿದ್ರೆ ಬರೀ ಬೆಣ್ಣೆ ಹಚ್ತಿದ್ದೆ.”

“ನಂಗೆಲ್ಲಿ ಬರುತ್ತಪ್ಪಾ ಹಾಗೆ!” ಎಂದಳು ಅಕ್ಕ.

ಅವಳಿಗೆ ಸಲ್ಲಬೇಕಾದ ಹೊಗಳಿಕೆ ಬಾಕಿಯೇ ಉಳಿಯಿತು. ಅವಳು ಮಾತ್ರ ಅಂದೆಲ್ಲ ಎದೆ ಸೆಟೆಸಿ ಓಡಾಡಿದಳು.