ಒಪ್ಪಿಗೆಯ ಚೌಕ

ಹೊಲಿಗೆ ಯಂತ್ರ ಒಮ್ಮೆ ಓಡಿದರೆ ಸಾಕು, ಸದ್ದಿನಲ್ಲೇ ಅದರ ಕಾಯಿಲೆ ಯಾವುದೆಂದು ಅಮ್ಮ ಹೇಳಿಬಿಡುತ್ತಾಳೆ. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಆ ಕಿವಿ ಮುಚ್ಚಿಕೊಳ್ಳುತ್ತದೆ. ಎದುರಿನವರು ಬಾಯಿ ತೆರೆಯುವ ಮೊದಲೇ ಅವರಿಗೇನು ಬೇಕೆಂದು ಅವಳೇ ತೀರ್ಮಾನಿಸಿರುತ್ತಾಳೆ. ಅಪ್ಪ ಇದ್ದಾಗ ಊಟದ ತಟ್ಟೆಗೆ ಕೈ ಅಡ್ಡ ಹಿಡಿದು ಬೇಡ ಎನ್ನುತ್ತಿದ್ದರು, ಇವಳು ಕೈ ಮೇಲೇ ಬಡಿಸುತ್ತಿದ್ದಳು.

ಅಪ್ಪ ಹೋದ ಮೇಲೆ ಯಂತ್ರಗಳ ರಿಪೇರಿ ಅಂಗಡಿಯನ್ನು ನಡೆಸುತ್ತಿರುವವಳು ಅವಳೇ. ಬಿಲ್ಲು, ಫೋನು, ಕಂಪ್ಯೂಟರು ನನ್ನ ಪಾಲಿಗೆ ಬಂದವು. ಗಿರಾಕಿಗಳಿಗೆ ತಿಂಗಳಿಗೊಂದು ಪತ್ರವನ್ನು ಇ-ಮೇಲ್‌ನಲ್ಲಿ ಕಳಿಸೋಣವೆಂದು ಹೇಳಿದವಳು ನಾನು. ಎಣ್ಣೆ ಎಲ್ಲಿ ಬಿಡಬೇಕು, ಸೂಜಿ ಯಾವಾಗ ಬದಲಿಸಬೇಕು, ಅಂಗಡಿಗೆ ಯಾವತ್ತು ರಜ, ಇಂಥವು. ಅಮ್ಮ ಹೇಳಬೇಕು, ನಾನು ಬರೆಯಬೇಕು.

"ಸರಿ, ಹಳೇ ಬಿಲ್ಲಲ್ಲಿ ಇರೋರಿಗೆಲ್ಲ ಕಳಿಸಿಬಿಡು," ಎಂದಳು.

"ಅವರು ವಿಳಾಸ ಕೊಟ್ಟಿದ್ದು ಮಷಿನ್ ರೆಡಿ ಆದ್ರೆ ತಿಳಿಸಿ ಅಂತ. ಪತ್ರ ಬರೀರಿ ಅಂತ ಅಲ್ಲ."

"ಬೇಡ ಅಂತಾನೂ ಯಾರೂ ಹೇಳಿಲ್ವಲ್ಲೇ!"

"ಬೇಡ ಅನ್ನಲಿಲ್ಲ ಅಂದ್ರೆ ಬೇಕು ಅಂತ ಆಗಲ್ಲಮ್ಮ. ಕೇಳಬೇಕು."

"ನಿನ್ನ ಹತ್ರ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ," ಎಂದು ಗೊಣಗಿದಳಾದರೂ ಒಪ್ಪಿಕೊಂಡಳು.

ಕೌಂಟರಿನ ಮೇಲೆ ಸಣ್ಣ ಕಾರ್ಡುಗಳನ್ನಿಟ್ಟೆ. ಹೆಸರು, ಇ-ಮೇಲ್, ಅದರ ಕೆಳಗೊಂದು ಖಾಲಿ ಚೌಕ: ತಿಂಗಳಿಗೊಮ್ಮೆ ನಮ್ಮ ಪತ್ರ ಬರಲಿ. ಬೇಕಾದವರು ತಾವೇ ಗುರುತು ಹಾಕಿ, ಸಹಿ ಮತ್ತು ತಾರೀಖು ಬರೆಯಬೇಕು. ಗುರುತು ಹಾಕದಿದ್ದರೂ ರಿಪೇರಿ ಅದೇ, ದರ ಅದೇ. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಅಮ್ಮನಿಗೇ ಕಲಿಸಿದೆ. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಏರಿಸುತ್ತಿದ್ದಳು. ಏರಿಸಿದ ಕೂಡಲೇ ಹೆಸರು ಪಟ್ಟಿಗೆ ಸೇರುತ್ತಿತ್ತು. ನಮ್ಮ ವೆಬ್ ಪುಟದಲ್ಲಿ ಹೆಸರು ಕೊಟ್ಟವರಿಗೆ ಬೇರೆ ದಾರಿ. ಅವರಿಗೆ ಮೊದಲು ಒಂದು ಇ-ಮೇಲ್ ಹೋಗುತ್ತದೆ, 'ಕೇಳಿದ್ದು ನೀವೇನಾ?' ಎಂದು. ಅದರಲ್ಲಿರುವ 'ಹೌದು' ಗುಂಡಿಯನ್ನು ಅವರೇ ಒತ್ತಬೇಕು, ಅಲ್ಲಿಯವರೆಗೆ ಪಟ್ಟಿಗೆ ಸೇರುವುದಿಲ್ಲ. ತಿಂಗಳಾದರೂ ಒತ್ತದಿದ್ದವರ ವಿಳಾಸವನ್ನು ನಾನು ಅಳಿಸಿಬಿಡುತ್ತೇನೆ.

ಐದಾರು ತಿಂಗಳಲ್ಲಿ ಪಟ್ಟಿ ಬೆಳೆಯಿತು. ಪರದೆ ಹೊಲಿಯುವಾಕೆ ಅಮ್ಮನ ಪತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದಾಳೆಂದು ಕೇಳಿ ಅಮ್ಮ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಒಂದು ಮಧ್ಯಾಹ್ನ ಕಾರ್ಡು ಏರಿಸುತ್ತಿದ್ದ ಅಮ್ಮ ಬೆರಳು ನಿಲ್ಲಿಸಿದಳು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಇಲ್ಲಿ ಬಾರೇ. ಇದು ಪುಟ್ಟಿದಲ್ವಾ?"

ಪುಟ್ಟಿ ನನ್ನ ತಂಗಿ. 'ಹೌದು' ಒತ್ತದವರ ಸಾಲಿನಲ್ಲಿ, ಅವಳು ಶಾಲೆಯಲ್ಲಿದ್ದಾಗ ನಾನೇ ಮಾಡಿಕೊಟ್ಟಿದ್ದ ವಿಳಾಸವಿತ್ತು. ಅವಳು ಮನೆ ಬಿಟ್ಟು ಮೂರು ವರ್ಷವಾಗಿತ್ತು. ದೂರದ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಾಗ, 'ನಾನು ಬರುವುದಿಲ್ಲ' ಎಂದು ಅವಳ ಹೆಸರಿನಲ್ಲಿ ಅಮ್ಮ ಕಾಗದ ಬರೆದು, ಅವಳ ಸಹಿಯನ್ನೂ ತಾನೇ ಹಾಕಿ ಕಳಿಸಿದ್ದಳು. ಮಗಳು ಅಂಗಡಿಯಲ್ಲೇ ಇರಬೇಕೆಂಬ ಆಸೆ. ಅದು ಗೊತ್ತಾದ ದಿನ ಪುಟ್ಟಿ ಜಗಳವನ್ನೂ ಆಡಲಿಲ್ಲ. ಒಂದು ಚೀಲ ತುಂಬಿಕೊಂಡು ಹೋದಳು. ನಾನು ಮಾಡಿದ ಫೋನುಗಳನ್ನೂ ಎತ್ತಲಿಲ್ಲ.

"ನಮ್ಮ ಪತ್ರ ಬೇಕು ಅಂತ ಕೇಳಿದಾಳೆ ಕಣೇ!" ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟಳು. "ಹಾಗಾದ್ರೆ ಕಳಿಸು."

"ಇನ್ನೂ 'ಹೌದು' ಒತ್ತಿಲ್ಲಮ್ಮ."

"ಮರೆತಿರ್ತಾಳೆ. ಇನ್ನೊಂದು ಸಲ ಕೇಳು."

"ಯಾರಿಗೂ ಎರಡು ಸಲ ಕೇಳಲ್ಲ. ಅವಳ ವಿಷಯದಲ್ಲಂತೂ ಬೇಡವೇ ಬೇಡ. ಬಾಗಿಲವರೆಗೆ ಬಂದಿದಾಳೆ, ಅವಳಾಗೇ ತಟ್ಟಲಿ."

ಅಂದಿನಿಂದ ಅಮ್ಮ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ಕಂಪ್ಯೂಟರ್ ಮುಂದೆ ಕೂರತೊಡಗಿದಳು. ಪುಟ್ಟಿಯ ಹೆಸರು ಅಲ್ಲೇ ಇರುತ್ತಿತ್ತು, ಗುಂಡಿ ಒತ್ತಿರುತ್ತಿರಲಿಲ್ಲ. ಆದರೂ ಅಮ್ಮ ಆ ತಿಂಗಳು ಹಾಡು ಗುನುಗುತ್ತ ಕೆಲಸ ಮಾಡಿದಳು. ಪತ್ರಕ್ಕೆ ಎರಡು ಸಾಲು ಹೆಚ್ಚಾಗಿಯೇ ಹೇಳಿ ಬರೆಸಿದಳು: "ಹೊಲಿಯುವಾಗ ಬಟ್ಟೆಯನ್ನು ಎಳೆಯಬೇಡಿ. ಯಂತ್ರ ಸೂಜಿಯ ಕೆಳಗಿನ ತನ್ನ ಹಲ್ಲಿನಿಂದ ಅದನ್ನು ತಾನೇ ಮುಂದಕ್ಕೆ ಸಾಗಿಸುತ್ತದೆ. ಅವಸರ ಮಾಡಿ ಎಳೆದರೆ ಸೂಜಿ ಬಾಗಿ ಮುರಿಯುತ್ತದೆ."

ತಿಂಗಳು ಮುಗಿಯುತ್ತ ಬಂದಂತೆ ಅವಳ ಹಾಡು ನಿಂತಿತು.

"ನಾಳೆ ಅಳಿಸಿಬಿಡ್ತೀಯಾ?"

"ಅಳಿಸಿದ್ರೂ ಅವಳು ಮತ್ತೆ ಕೇಳಬಹುದಮ್ಮ. ಹೊಸದಾಗಿ ಹೆಸರು ಕೊಟ್ರೆ ಆಯ್ತು."

ಅವಳು ಏನೂ ಅನ್ನಲಿಲ್ಲ. ಅಮ್ಮ ಸುಮ್ಮನಿದ್ದಾಳೆಂದರೆ ಏನೋ ನಡೆಸಿದ್ದಾಳೆ ಎಂದು ಹುಟ್ಟಿದಾಗಿನಿಂದ ನೋಡಿದವಳು ನಾನು. ಆದರೂ ಮರುದಿನ ಆ ಸಾಲಿನಲ್ಲಿ ಪುಟ್ಟಿಯ ವಿಳಾಸ ಕಾಣದಾಗ, ಗುಂಡಿ ಒತ್ತಿಯೇಬಿಟ್ಟಳೆಂದು ನಂಬಿದೆ. ಖುಷಿಯಿಂದ ಕಣ್ಣು ತುಂಬಿ, ಪಟ್ಟಿಯವರಿಗೆಲ್ಲ ಆ ತಿಂಗಳ ಪತ್ರ ಕಳಿಸಿದೆ.

ಸಂಜೆಯೊಳಗೆ ಅಂಗಡಿಯ ಇ-ಮೇಲ್‌ಗೆ ಉತ್ತರ ಬಂತು.

"ಅಕ್ಕ, ನಿಮ್ಮ ಪತ್ರದ ಅಡಿಯಲ್ಲಿ ಬರೆದಿದೆ, ನಾನು ಅಂಗಡಿಯ ಕಾರ್ಡಿನಲ್ಲಿ ಸಹಿ ಹಾಕಿ ಒಪ್ಪಿದ್ದೇನೆ ಅಂತ. ನಾನು ಅಂಗಡಿಗೆ ಬಂದೇ ಇಲ್ಲವಲ್ಲ. ಆ 'ಹೌದು' ಗುಂಡಿಯ ಇ-ಮೇಲನ್ನು ದಿನಾ ತೆಗೆದು ನೋಡ್ತಿದ್ದೆ. ಈ ಸಲ ಅಮ್ಮ ನನ್ನನ್ನ ಕೇಳಿದಾಳೆ, ಕಾಯ್ತಿದಾಳೆ ಅಂದುಕೊಂಡಿದ್ದೆ. ಈ ವಾರ ಒತ್ತೋಣ ಅಂತಿದ್ದೆ. ಬಟ್ಟೆ ಎಳೀಬೇಡಿ ಅಂತ ಊರಿಗೆಲ್ಲ ಹೇಳ್ತಾಳೆ. ಇದಕ್ಕೆ ಉತ್ತರ ಬರೀಬೇಡ. ನಾನು ಚೆನ್ನಾಗಿದ್ದೇನೆ."

ಪತ್ರದ ಕೆಳಗಿನ 'ಇನ್ನು ಮುಂದೆ ಬೇಡ' ಎಂಬುದನ್ನೂ ಅವಳು ಒತ್ತಿದ್ದಳು.

ಕಾರ್ಡಿನ ಡಬ್ಬಿ ತೆರೆದೆ. ಎಲ್ಲಕ್ಕಿಂತ ಮೇಲಿನದೇ ಅದು. ಪುಟ್ಟಿಯ ಹೆಸರು, ಚೌಕದಲ್ಲಿ ಗುರುತು, ಮೂರು ವರ್ಷದ ಹಿಂದೆ ಅಮ್ಮ ಹಾಕಿದ್ದಂಥದೇ ಸಹಿ. ನನಗೆ ಕೆಂಡದಂಥ ಕೋಪ ಬಂತು. ಕಾರ್ಡನ್ನು ಅಮ್ಮನ ಮುಂದೆ ಎಸೆದು, ಉತ್ತರವನ್ನು ಓದಿ ಹೇಳಿದೆ. ಒಂದಕ್ಷರವನ್ನೂ ಬಿಡಲಿಲ್ಲ.

ಅಮ್ಮ ಎದುರಿನ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನೀನು ಅಳಿಸಿಬಿಡ್ತೀಯ ಅಂತ ಭಯ ಆಯ್ತು ಕಣೇ," ಎಂದಳು. "ಅಷ್ಟೇ. ಬೇರೇನೂ ಯೋಚನೆ ಮಾಡಲಿಲ್ಲ."

ಬೈಯಬೇಕೆಂದು ತುಟಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಅಮ್ಮನ ಕೈಯಲ್ಲಿ ಎಣ್ಣೆಯ ಜಿಡ್ಡಿತ್ತು, ಅದೇ ಕೈಯಲ್ಲಿ ಮುಖ ಒರೆಸಿಕೊಂಡಳು. ನಾನೂ ಅತ್ತೆ. ಹೊರಗೆ ಯಾರೋ ಯಂತ್ರ ಹೊತ್ತು ತಂದವರು ನಮ್ಮಿಬ್ಬರನ್ನೂ ನೋಡಿ, ನಾಳೆ ಬರ್ತೀವಿ ಎಂದು ತಿರುಗಿ ಹೋದರು.

ಅವರು ಹೋದ ಮೇಲೆ ಅಮ್ಮ ಕೇಳಿದಳು. "ಈಗ ಅವಳ ಹೆಸರು ತೆಗೆದುಹಾಕ್ತೀಯಾ?"

"ಇಲ್ಲ. ಬೇಡ ಅಂದೋರ ವಿಳಾಸ ಬೇರೆ ಪಟ್ಟಿಯಲ್ಲಿ ಇರುತ್ತೆ. ಮತ್ತೆ ಯಾವತ್ತೂ ತಪ್ಪಿ ಕಳಿಸಬಾರದಲ್ಲ, ಅದಕ್ಕೆ."

"ಅದನ್ನ ಅಳಿಸಲ್ವಾ? ತಿಂಗಳಾದ್ರೂ?"

"ಅಳಿಸಲ್ಲಮ್ಮ."

"ಹಾಗಾದ್ರೆ ಅಲ್ಲಿ ಇರ್ತಾಳೆ," ಎಂದಳು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕಂಪ್ಯೂಟರಿನತ್ತ ಕೈ ಚಾಚಿದಳು. ಆಮೇಲೆ ಏನೋ ನೆನಪಾದಂತೆ ಕೈ ಹಿಂದಕ್ಕೆ ತೆಗೆದುಕೊಂಡು, ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳಿರದ ದನಿಯಲ್ಲಿ ಕೇಳಿದಳು:

"ಒಂದು ಸಲ ನೋಡಬಹುದಾ?"