ಬಾಲ್ದಿಯೊಳಗಿನ ಎತ್ತು

ಬೇಸಿಗೆ ರಜೆಯಲ್ಲಿ ಬೈಲಹೊಂಗಲದ ತ್ರ್ಯಂಬಕ ಮಾಸ್ತರರು ಸಾಲೆಯ ಪಡಸಾಲೆಯಲ್ಲಿ ಮಕ್ಕಳಿಗೆ ಒಂದು ವಾರ ಚಿತ್ರ, ಕೈಕೆಲಸ ಕಲಿಸಿದರು. ಕಾಲೇಜಿನಿಂದ ಊರಿಗೆ ಬಂದಿದ್ದ ನಾನು ಅವರ ಕೈಯಾಳು. ಮುಂಜಾನೆ ಕೆರೆದಂಡೆಯಲ್ಲಿ ಎಲೆ, ಗರಿ ಆಯ್ದು ಅವುಗಳ ಚಿತ್ರ ಬರೆಯುವುದು. ಮಧ್ಯಾಹ್ನ ಜರಡಿ ಹಿಡಿದ ಕೆರೆಮಣ್ಣಿಗೆ ಹತ್ತಿ ಬೆರೆಸಿ ನಾದಿ, ಎತ್ತು ಮಾಡಿ, ಬಿರುಕು ಬಿಡದಂತೆ ನೆರಳಲ್ಲಿ ಒಣಗಿಸುವುದು.

ಮಕ್ಕಳಲ್ಲೊಬ್ಬಳಾದ ಇಂದ್ರವ್ವ ತಮ್ಮ ಮನೆಯಲ್ಲಿ ಸತ್ತುಹೋದ ಎತ್ತನ್ನೇ ಮಾಡಿದ್ದಳು. ಅದರ ಒಂದು ಕೊಂಬು ಒಳಗೆ ಬಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಅದನ್ನೇ ಪೂಜಿಸಬೇಕೆಂದು ಅವಳ ಹಟ.

ಕಡೆಯ ದಿನ ಮಕ್ಕಳ ಕೆಲಸ ನೋಡಲು ಸಾಲೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಮಾಸ್ತರರು ಮಕ್ಕಳ ಎತ್ತುಗಳನ್ನೆಲ್ಲ ನೀರಿನ ಬಾಲ್ದಿಗೆ ಸುರಿದು, ಕುಂಬಾರನಿಂದ ತಂದ ಬಣ್ಣದ ಎತ್ತುಗಳನ್ನು ಸಾಲಾಗಿ ನಿಲ್ಲಿಸಿದರು.

“ಮಕ್ಕಳು ಮಾಡಿದ್ದು ಇಡೂದಿಲ್ಲೇನ್ರಿ?” ಎಂದೆ.

“ಅವು ಎತ್ತೇನೋ? ಬಾತ ಹೆಗ್ಗಣ! ಸುಡದ ಮಣ್ಣು, ನೆನೀತದ. ಅದೇ ಮಣ್ಣು ಮುಂದಿನ ರಜಾಕ್ಕ ಉಪಯೋಗಕ್ಕ ಬರ್ತದ.”

ಸಾಹೇಬರು ಬಂದು ಸಾಲು ನೋಡಿ “ಶಾಬಾಸ್!” ಎಂದರು. ಬಣ್ಣದ ಎತ್ತೊಂದನ್ನು ಇಂದ್ರವ್ವನ ಮುಂದೆ ಹಿಡಿದರು. “ಇದು ನೀ ಮಾಡಿದ್ದೇನವ್ವಾ?”

ಹಿಂದಿನಿಂದ ಮಾಸ್ತರರು ಹೌದೆನ್ನುವಂತೆ ಬಸವನ ಹಾಗೆ ತಲೆಯಾಡಿಸಿದರು.

ಇಂದ್ರವ್ವ ಪಕ್ಕದಲ್ಲಿದ್ದ ಬಾಲ್ದಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು.

“ಅಲ್ರಿ. ನಂದು ಇದು.”

ಬೆರಳ ಸಂದಿಯಿಂದ ರಾಡಿ ಸೋರಿಹೋಯಿತು. ಅಂಗೈಯಲ್ಲಿ ಬಾಗಿದ ಕೊಂಬೊಂದೇ ಉಳಿಯಿತು.