ಆರು ಪೀರಿಯಡ್ಡಿನ ಕನ್ನಡಕ

ಆ ಮನೆಯಲ್ಲಿ ಎಲ್ಲದರ ಬೆಲೆಯನ್ನೂ ಪೀರಿಯಡ್ಡಿನಲ್ಲಿ ಹೇಳುತ್ತಿದ್ದರು. ಚಪ್ಪಲಿ ಎಂದರೆ ಒಂದು ಪೀರಿಯಡ್ಡು, ಗ್ಯಾಸ್ ಸಿಲಿಂಡರ್ ಎರಡೂ ಚಿಲ್ಲರೆ. ಮನೆ ಬಾಡಿಗೆ ಮಾತ್ರ ಇಪ್ಪತ್ತು ಪೀರಿಯಡ್ಡಾದ್ದರಿಂದ ಅದನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

ಈ ಚಾಳಿ ಶುರು ಮಾಡಿದ್ದು ಅಪ್ಪನೇ. ಕಾಲೇಜಿನಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ತಿಂಗಳ ಸಂಬಳವೆಂಬುದಿಲ್ಲ, ಪಾಠ ಮಾಡಿದ ಗಂಟೆಗೆ ಐನೂರು. ತಿಂಗಳ ಕೊನೆಗೆ ತಾರೀಖು, ತರಗತಿ, ಪಾಠ, ಗಂಟೆ ಎಲ್ಲ ಒಂದು ಬಿಲ್ಲಿನಲ್ಲಿ ಬರೆದು, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಲೆಕ್ಕಪತ್ರದ ಕೋಣೆಗೆ ಕೊಡಬೇಕು. ಅಲ್ಲಿರುವ ಗುಮಾಸ್ತ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ, ಒಟ್ಟು ಹಾಕಿ, ನೂರಕ್ಕೆ ಹತ್ತರಂತೆ ತೆರಿಗೆ ಕತ್ತರಿಸಿ, ಉಳಿದದ್ದನ್ನು ಬ್ಯಾಂಕಿಗೆ ಕಳಿಸುತ್ತಾನೆ. ಅವನಿಗೆ ಕತ್ತರಿ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು.

ಪರೀಕ್ಷೆ, ಆಮೇಲೆ ರಜೆ ಎಂದು ವರ್ಷದಲ್ಲಿ ಎರಡೂವರೆ ತಿಂಗಳು ಪಾಠವೇ ಇರುವುದಿಲ್ಲ. ಪಾಠವಿಲ್ಲದಿದ್ದರೆ ದುಡ್ಡೂ ಇಲ್ಲ. ಆಗ ಮನೆ ನಡೆಯುವುದು ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಅಮ್ಮನ ಸಂಬಳದಲ್ಲಿ. "ನನ್ನ ಕಾಲಿಗೂ ಸ್ವಲ್ಪ ರಜೆ ಕೊಡಿಸ್ರೀ," ಎಂದು ಅವಳು ಸಂಜೆ ಕಾಲು ಚಾಚಿ ಕೂರುತ್ತಿದ್ದಳು. ಅಪ್ಪ ಬಿಸಿನೀರಿನ ಬಕೆಟ್ಟು ತಂದಿಡುತ್ತಿದ್ದ.

ಮಗಳು ಗುಬ್ಬಿ ಐದನೇ ತರಗತಿ. ಅವಳ ಶಾಲೆ ನಡೆಯುತ್ತಲೇ ಇತ್ತು, ಅಪ್ಪನ ಕಾಲೇಜಿನಲ್ಲಿ ಪಾಠ ಮುಗಿದಿತ್ತು. ಹಾಗಾಗಿ ಅವಳನ್ನು ಶಾಲೆಗೆ ಬಿಡುವ ಕೆಲಸ ಅಪ್ಪನದು.

ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ತಿರುವಿನಲ್ಲಿ ಬಸ್ಸೊಂದು ಕಾಣಿಸಿತು. ಅಪ್ಪ ಕಣ್ಣು ಕಿರಿದು ಮಾಡಿದ. "ನಮ್ದಾ ನೋಡು, ಗುಬ್ಬಿ."

"ಹೂಂ, ನಮ್ದೇ."

ಬಸ್ಸು ಹತ್ತಿರ ಬಂತು. ಬೇರೆ ನಂಬರು. ಮುಂದಿನದಕ್ಕೂ ಅವಳು "ನಮ್ದೇ" ಅಂದಳು. ಅದೂ ಅಲ್ಲ.

"ತಮಾಷೆ ಮಾಡ್ತಿದ್ದೀಯಾ?"

ಗುಬ್ಬಿ ಚೀಲದ ಪಟ್ಟಿ ಹಿಡಿದುಕೊಂಡು ನೆಲ ನೋಡಿದಳು. "ಹಸಿರು ಕಂಡ್ರೆ ನಮ್ದು ಅಂತೀನಿ. ನಂಬರ್ ಕಾಣ್ಸಲ್ಲ."

"ಮತ್ತೆ ಶಾಲೆಯಲ್ಲಿ? ಬೋರ್ಡು?"

"ಪಕ್ಕದವಳದ್ದು ನೋಡಿ ಬರ್ಕೋತೀನಿ."

"ಯಾವಾಗಿಂದ? ಯಾಕೆ ಹೇಳ್ಲಿಲ್ಲ?"

"ನಿಂಗೆ ಕ್ಲಾಸ್ ಶುರುವಾದ್ಮೇಲೆ ಹೇಳೋಣ ಅಂತಿದ್ದೆ," ಎಂದಳು ಅವಳು, ಬಹಳ ಯೋಚಿಸಿ ಮಾಡಿದ ಏರ್ಪಾಟಿನಂತೆ. "ಈಗ ಪೀರಿಯಡ್ಡೇ ಇಲ್ವಲ್ಲ."

ಅಪ್ಪ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವಳ ಕಣ್ಣುಗಳನ್ನೇ ನೋಡಿದ. ಅವರ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಅಂದು ಸಂಜೆಯೇ ಕನ್ನಡಕದ ಅಂಗಡಿಗೆ ಹೋದರು. ಅಂಗಡಿಯಾಕೆ ಕಣ್ಣು ಪರೀಕ್ಷೆ ಮಾಡಿ, ಗಾಜು ಫ್ರೇಮು ಎಲ್ಲ ಸೇರಿ ಎರಡು ಸಾವಿರದ ಏಳುನೂರು ಎಂದಳು.

"ಐದೂವರೆಯೊಳಗೆ ಬರುತ್ತೆ," ಎಂದ ಅಪ್ಪ, ಅಭ್ಯಾಸಬಲದಿಂದ.

"ಆರು," ಎಂದಳು ಗುಬ್ಬಿ. "ಕತ್ತರಿ ಮಾಮ ಐವತ್ತೈವತ್ತು ಕತ್ತರಿಸಲ್ವಾ? ಕೈಗೆ ಬರೋದು ನಾನೂರೈವತ್ತೇ."

ಅಂಗಡಿಯಾಕೆ ನಕ್ಕಳು. ಅಪ್ಪ ನಗಲಿಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮನೂ ನಗಲಿಲ್ಲ.

"ಮಗು ಕಣ್ಣಿಗೂ ಪೀರಿಯಡ್ ಲೆಕ್ಕ ಹಾಕೋದನ್ನ ಯಾರು ಕಲಿಸಿದ್ದು?"

"ನಾನೇ."

"ತಮಾಷೆ ಅಂತ ನೀವಂದ್ರಿ. ಅವಳು ಪಾಠ ಅಂತ ಕಲ್ತ್ಕೊಂಡ್ಳು." ಆಮೇಲೆ ಅವಳ ದನಿ ಮೆತ್ತಗಾಯಿತು. "ನನ್ ಸಂಬಳದಲ್ಲಿ ಅಕ್ಕಿ, ಬೇಳೆ, ಬಸ್ ಚಾರ್ಜು ಆಗಿದೆ. ನಿಮ್ಮ ಕೊನೇ ಬಿಲ್ಲು ಬಂದಿಲ್ವಲ್ಲ?"

ಅದು ಬಂದಿರಲಿಲ್ಲ. ಬಂದರೆ ಬಾಡಿಗೆಗೆ ಎಂದು ಎತ್ತಿಟ್ಟದ್ದು. ಮಾರನೆಯ ದಿನ ಅಪ್ಪ ಲೆಕ್ಕಪತ್ರದ ಕೋಣೆಗೆ ಹೋದ. ಕತ್ತರಿ ಬಿಲ್ಲಿನ ಮೇಲೆ ಬೆರಳಿಟ್ಟು ಕಾದಿದ್ದವನಂತೆ ಹೇಳಿದ, "ಬನ್ನಿ ಮೇಷ್ಟ್ರೇ. ಇಪ್ಪತ್ತೆರಡು ಗಂಟೆ ಬರ್ದಿದ್ದೀರಿ. ಹಾಜರಿ ಇಪ್ಪತ್ತಕ್ಕೇ ಇದೆ."

"ಆ ಎರಡು ದಿನ ಹುಡುಗರೆಲ್ಲ ಕಾಲೇಜು ನಾಟಕದ ತಾಲೀಮಿಗೆ ಹೋಗಿದ್ರು. ನಾನು ಕ್ಲಾಸಲ್ಲೇ ಕೂತಿದ್ದೆ."

"ಬೆಂಚಿಗೆ ಪಾಠ ಮಾಡಿದ್ರೆ ಬೆಂಚಿನ ಸಹಿ ತನ್ನಿ, ಪಾಸ್ ಮಾಡ್ತೀನಿ." ಕತ್ತರಿ ಕನ್ನಡಕದ ಮೇಲಿನಿಂದ ನೋಡಿದ. "ಅಲ್ಲ ಮೇಷ್ಟ್ರೇ, ಹಿಂದಿನ ಬೆಂಚಲ್ಲಿ ಹುಡುಗರಿದ್ರೂ ನಿಮಗೆ ಕಾಣುತ್ತಾ? ದನಿ ಕೇಳಿ ಹಾಜರಿ ಹಾಕ್ತೀರಂತೆ."

"ಬಿಡಪ್ಪ, ಎರಡು ಹೊಡೆದುಹಾಕು. ಉಳಿದದ್ದು ಯಾವಾಗ?"

ಅಪ್ಪನ ದನಿಯಲ್ಲಿ ಎಂದಿನ ಜಗಳವಿಲ್ಲದ್ದನ್ನು ಕತ್ತರಿ ಗಮನಿಸಿದ. "ಏನಾಯ್ತು?"

ಅಪ್ಪ ಹೇಳಿದ, ಬಸ್ಸಿನ ಕಥೆಯನ್ನು, ಆರು ಪೀರಿಯಡ್ಡಿನ ಕಥೆಯನ್ನು. ಐವತ್ತೈವತ್ತು ಕತ್ತರಿಸುವ ಮಾಮನ ಮಾತು ಬಂದಾಗ ಕತ್ತರಿ ತಲೆ ಕೆರೆದುಕೊಂಡ.

"ನಿಮ್ಮ ಮನೇಲಿ ನಾನು ರಾಕ್ಷಸನಾ?"

"ಇಲ್ಲಪ್ಪ. ಲೆಕ್ಕ ಸರಿಯಾಗಿರೋ ರಾಕ್ಷಸ."

ಕತ್ತರಿ ಗಟ್ಟಿಯಾಗಿ ನಕ್ಕ. ಎರಡು ಗಂಟೆಯನ್ನು ಕೆಂಪು ಗೆರೆ ಎಳೆದು ಹೊಡೆದ, ಅದರಲ್ಲಿ ಕರುಣೆ ತೋರಿಸಲಿಲ್ಲ. ಇಪ್ಪತ್ತು ಗಂಟೆಗೆ ಹತ್ತು ಸಾವಿರ, ತೆರಿಗೆ ಒಂದು ಸಾವಿರ, ಉಳಿದದ್ದು ಒಂಬತ್ತು ಸಾವಿರ. "ಪ್ರಿನ್ಸಿಪಾಲರ ಮೇಜಿಗೆ ನಾನೇ ತಗೊಂಡ್ಹೋಗ್ತೀನಿ. ಈ ವಾರದಲ್ಲಿ ಬೀಳುತ್ತೆ. ಮತ್ತೆ ಉತ್ತರಪತ್ರಿಕೆ ತಿದ್ದೋಕೆ ಹೆಸರು ಕೊಡಿ, ದುಡ್ಡು ತಡವಾಗಿ ಬಂದ್ರೂ ಬರುತ್ತೆ. ಮಗಳಿಗೆ ಹೇಳಿ, ನಾನು ಕತ್ತರಿಸಿದ್ದನ್ನ ನುಂಗಲ್ಲ ಅಂತ."

ಅದು ಅಪ್ಪನಿಗೂ ಗೊತ್ತಿತ್ತು. ಅವನ ವರ್ಷದ ಗಳಿಕೆ ತೆರಿಗೆಯ ಮಿತಿಯನ್ನು ಮುಟ್ಟುತ್ತಿರಲಿಲ್ಲ. ವರ್ಷ ಮುಗಿದ ಮೇಲೆ ರಿಟರ್ನ್ ಸಲ್ಲಿಸಿ ಕಾದರೆ ಕತ್ತರಿಸಿದ್ದೆಲ್ಲ ವಾಪಸು ಬರುತ್ತಿತ್ತು. ಹಸಿವಾದಾಗ ಬಾರದೆ, ಊಟವಾದ ಮೇಲೆ ಬರುವ ನೆಂಟನ ಹಾಗೆ.

ಒಂಬತ್ತು ಸಾವಿರ ಬಿದ್ದ ದಿನ ಅಪ್ಪ ಮನೆಯೊಡತಿಯ ಬಾಗಿಲು ತಟ್ಟಿ ಅರ್ಧಕ್ಕಿಂತ ಹೆಚ್ಚು ಬಾಡಿಗೆ ಕೊಟ್ಟ. ಉಳಿದದ್ದಕ್ಕೆ ಮುಂದಿನ ತಿಂಗಳವರೆಗೆ ಸಮಯ ಕೇಳಿದ. ಅವರು "ಪ್ರತಿ ವರ್ಷ ಇದೇ ರಾಗ," ಎಂದು ಗೊಣಗುತ್ತಲೇ ತಲೆಯಾಡಿಸಿದರು. ಅಲ್ಲಿಂದ ಅಪ್ಪ ನೇರವಾಗಿ ಗುಬ್ಬಿಯ ಶಾಲೆಯ ಗೇಟಿಗೆ, ಗುಬ್ಬಿಯೊಂದಿಗೆ ಕನ್ನಡಕದ ಅಂಗಡಿಗೆ ಹೋದ.

ಹೊಸ ಕನ್ನಡಕ ಹಾಕಿಕೊಂಡು ಹೊರಗೆ ಬಂದ ಗುಬ್ಬಿ ಅಂಗಡಿಗಳ ಹೆಸರನ್ನೆಲ್ಲ ಓದಿದಳು. ಎದುರು ಮಹಡಿಯಲ್ಲಿ ಒಣಹಾಕಿದ್ದ ಅಂಗಿಯ ಗುಂಡಿಗಳನ್ನು ಎಣಿಸಿದಳು. ಮರಕ್ಕೆ ಬಿಡಿಬಿಡಿ ಎಲೆಗಳಿವೆ ಎಂದು ಅಪ್ಪನಿಗೆ ಹೊಸ ಸುದ್ದಿಯಂತೆ ತಿಳಿಸಿದಳು. ಕೊನೆಗೆ ಅಪ್ಪನತ್ತ ತಿರುಗಿದಳು.

"ಅಪ್ಪ, ನಿಂಗೆ ಇಷ್ಟೊಂದು ಬಿಳಿ ಕೂದ್ಲಿದ್ಯಾ! ಆರು ಪೀರಿಯಡ್ಡೂ ಒಂದೇ ಸಲ ಕೊಟ್ಬಿಟ್ಯಾ?"

"ಪೀರಿಯಡ್ ಲೆಕ್ಕ ಇವತ್ತಿಂದ ಬಂದ್," ಎಂದ ಅಪ್ಪ. "ಇನ್ಮೇಲೆ ನೋವಾದ್ರೆ, ಕಾಣ್ದಿದ್ರೆ, ಕೇಳ್ದಿದ್ರೆ ಅವತ್ತೇ ಹೇಳ್ಬೇಕು. ಕ್ಲಾಸ್ ಇರ್ಲಿ, ಬಿಡ್ಲಿ. ಮಾತು ಕೊಡು."

"ಮಾತು. ನೀನೂ ಕೊಡು."

"ಕೊಟ್ಟೆ."

ನಿಲ್ದಾಣಕ್ಕೆ ಬಂದರು. ಗುಬ್ಬಿ ಒಮ್ಮೆಲೇ ಹಾರಿದಳು. "ನಮ್ದು! ತಿರುವಿನಲ್ಲೇ ಇದೆ, ನೋಡು!"

"ಎಲ್ಲಿ?" ಅಪ್ಪ ಕಣ್ಣು ಕಿರಿದು ಮಾಡಿದ. ಇನ್ನಷ್ಟು ಕಿರಿದು ಮಾಡಿದ. ಹಸಿರು ಬಣ್ಣದ ಒಂದು ಮುದ್ದೆ ಕಂಡಿತು. "ಹೂಂ... ನಮ್ದೇ ಇರ್ಬೇಕು."

ಗುಬ್ಬಿ ಬಸ್ಸು ನೋಡುವುದನ್ನು ಬಿಟ್ಟಳು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಅಪ್ಪನ ಕಣ್ಣುಗಳನ್ನೇ ದಿಟ್ಟಿಸಿದಳು.

"ಅಪ್ಪ," ಎಂದಳು, "ನೀನೂ ಕ್ಲಾಸ್ ಶುರುವಾಗ್ಲಿ ಅಂತ ಕಾಯ್ತಿದ್ದೀಯಾ?"

ಬಸ್ಸು ಬಂದು ನಿಂತಿತು. ಅಪ್ಪನಿಗೆ ನಂಬರು ಕಂಡದ್ದು ಆಗಲೇ. ಗುಬ್ಬಿ ಅವನ ಕೈ ಹಿಡಿದು ಎಳೆದಳು, ಬಸ್ಸಿನ ಕಡೆಗಲ್ಲ, ಬಂದ ದಾರಿಗೆ, ಕನ್ನಡಕದ ಅಂಗಡಿಯ ಕಡೆಗೆ.

"ಇವತ್ತು ಬರೀ ಕಣ್ಣು ತೋರ್ಸು," ಎಂದಳು. "ಮಾತು ಕೊಟ್ಟಿದ್ದೀಯ."